ಅರ್ಧಕ್ಕರ್ಧ ಪಾಲು ಕೊಡ್ತೀನಿ ಅಂತಾರೆ, ಒಪ್ಪಲಾ?

ಪ್ರಶ್ನೆ: ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮದು 60×80 ಅಡಿ ಜಾಗದ ಹಳೇ ಮನೆ. ಅಪ್ಪ 1951ರಲ್ಲಿ ತಗೊಂಡ ಜಾಗ. ವಿಲ್ ಬರೆಯದೆ ತೀರಿಕೊಂಡರು, ಅಮ್ಮನೂ ಇಲ್ಲ. ನಾನು ಮತ್ತು ಹೊಸಪೇಟೆಯಲ್ಲಿರುವ ತಂಗಿ ಇಬ್ಬರೇ. ಒಬ್ಬ ಬಿಲ್ಡರ್ ಬಂದು, ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಒಟ್ಟು ಆರು ಫ್ಲಾಟ್ ಕಟ್ಟಿ ಮೂರು ನಿಮಗೆ, ಮೂರು ನನಗೆ ಅಂತಿದ್ದಾರೆ. ಮೇಲೆ 10 ಲಕ್ಷ ನಗದು, ವಾಪಸ್ ಕೊಡೋದು ಬೇಡ. ಎರಡು ವರ್ಷದಲ್ಲಿ ಮುಗಿಸ್ತಾರಂತೆ. ನಮ್ಮ ಪರವಾಗಿ ಸಹಿ ಹಾಕೋ ಅಧಿಕಾರ ಪತ್ರ, ಅಂದರೆ ಜಿಪಿಎ ಮಾಡಿಕೊಡಿ ಅಂತಾರೆ. ಒಳ್ಳೆ ಆಫರ್ ಅಲ್ವಾ ಸರ್? ಇನ್ನೂ ಏನು ಕೇಳಬಹುದು?

ಉತ್ತರ: ಆಫರ್ ಒಳ್ಳೆಯದೇ. ಅತಿ ಒಳ್ಳೆಯದು, ಅದೇ ನನಗೆ ಚಿಂತೆ. ಒಂದು ಕಾಗದ ತಗೊಂಡು ನಿಮ್ಮ ಲೆಕ್ಕ ಬಿಡಿ, ಬಿಲ್ಡರ್ ಲೆಕ್ಕ ಹಾಕಿ ನೋಡಿ.

ನಿಮ್ಮ ಜಾಗ 4800 ಚದರ ಅಡಿ. ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ 1.75 ಅಂತ ಹಿಡಿಯೋಣ. ಇದು ಎದುರಿನ ರಸ್ತೆಯ ಅಗಲದ ಮೇಲೆ ನಿಂತಿರುತ್ತದೆ, ಹಾಗಾಗಿ ಬಿಲ್ಡರ್ ಮಾತು ನಂಬದೆ ನಿಮ್ಮದೇ ಇಂಜಿನಿಯರ್ ಹತ್ತಿರ ಕೇಳಿ ಬರೆಸಿಕೊಳ್ಳಿ. 1.75 ಆದರೆ 8400 ಚದರ ಅಡಿ ಕಟ್ಟಬಹುದು. ಅಂದರೆ 1400 ಅಡಿಯ ಆರು ಫ್ಲಾಟ್. ಅಡಿಗೆ 5500ರಂತೆ ಹೋದರೆ ಒಂದು ಫ್ಲಾಟಿಗೆ 77 ಲಕ್ಷ, ಆರಕ್ಕೆ 4 ಕೋಟಿ 62 ಲಕ್ಷ. ಕಟ್ಟೋ ಖರ್ಚು ಅಡಿಗೆ 2200 ಅಂದರೂ 1 ಕೋಟಿ 85 ಲಕ್ಷ. ಕೆಳಗಿನ ಪಾರ್ಕಿಂಗ್, ಲಿಫ್ಟ್, ಬೋರ್, ಪ್ಲಾನ್ ಫೀಸು ಎಲ್ಲ ಸೇರಿ 2 ಕೋಟಿ 20 ಲಕ್ಷ ಅನ್ನೋಣ. ಈ ದರಗಳನ್ನು ನಾನು ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಓಣಿಯಲ್ಲಿ ಈಚೆಗೆ ಮಾರಿದ ಎರಡು ಫ್ಲಾಟಿನ ದರ ವಿಚಾರಿಸಿ, ಇದೇ ಲೆಕ್ಕಕ್ಕೆ ಹಾಕಿ.

ಈಗ ಬಿಲ್ಡರ್ ಕೈಗೆ ಏನು ಬರುತ್ತದೆ? ಮೂರು ಫ್ಲಾಟ್, 2 ಕೋಟಿ 31 ಲಕ್ಷ. ಖರ್ಚು 2 ಕೋಟಿ 20 ಲಕ್ಷ, ನಿಮಗೆ ಕೊಡುವ 10 ಲಕ್ಷ ಸೇರಿದರೆ 2 ಕೋಟಿ 30 ಲಕ್ಷ. ಎರಡು ವರ್ಷ ಬಿಸಿಲಲ್ಲಿ ನಿಂತು ದುಡಿದು ಒಂದು ಲಕ್ಷ ಲಾಭ! ಯಾರೂ ಹಾಗೆ ವ್ಯಾಪಾರ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಜಾಗಕ್ಕೇ ಬೆಲೆ ಜಾಸ್ತಿ, ಅಲ್ಲಿ ಅರ್ಧ ಪಾಲು ಕೊಟ್ಟರೂ ಬಿಲ್ಡರಿಗೆ ಉಳಿಯುತ್ತದೆ. ನಮ್ಮೂರಲ್ಲಿ ಜಾಗ ಅಷ್ಟು ದುಬಾರಿಯಲ್ಲ, ಸಿಮೆಂಟು ಕಬ್ಬಿಣ ಮಾತ್ರ ಹೆಚ್ಚುಕಮ್ಮಿ ಅದೇ ರೇಟು. ಅಲ್ಲಿನ ಪಾಲನ್ನು ಇಲ್ಲಿಗೆ ತಂದರೆ ಕೂರುವುದಿಲ್ಲ.

ಹಾಗಾದರೆ ಲಾಭ ಎಲ್ಲಿಂದ ತೆಗೆಯುತ್ತಾರೆ? ನಾನು ನೋಡಿದ ಹಾಗೆ ಮೂರು ದಾರಿ. ಪ್ಲಾನಿನಲ್ಲಿ ಇಲ್ಲದ ನಾಲ್ಕನೇ ಮಹಡಿ ಏರಿಸುವುದು. ನಿಮ್ಮ ಜಾಗದ ಮೇಲೆ ಸಾಲ ಎತ್ತಿ ಬೇರೆ ಕಡೆ ತಿರುಗಿಸುವುದು. ಸಾಮಾನಿನಲ್ಲಿ ಉಳಿಸುವುದು. ಮೊದಲಿನ ಎರಡು ನಿಮ್ಮನ್ನು ಮುಳುಗಿಸುವಂಥವು.

ಸಾಲದ್ದು ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬರು ಹಿರಿಯರು ಜಿಪಿಎ ಪ್ರತಿ ತಂದಿದ್ದರು. ಹತ್ತು ಪುಟದ ಪತ್ರ. ಏಳನೇ ಪುಟದ ನಡುವೆ ಒಂದು ಸಾಲು: ‘ಸದರಿ ಸ್ವತ್ತನ್ನು ಕ್ರಯ, ಆಧಾರ, ಅಡಮಾನ ಮಾಡಲು ಸಹ ಅಧಿಕಾರ ಕೊಟ್ಟಿರುತ್ತೇನೆ.’ ಪ್ಲಾನಿಗೆ ಸಹಿ ಹಾಕೋಕೆ ಅಂತ ಹೇಳಿ ಮಾಡಿಸಿಕೊಂಡಿದ್ದರಂತೆ. ಅಷ್ಟರಲ್ಲಿ ಮೂಲ ಪತ್ರಗಳು ಒಂದು ಬ್ಯಾಂಕಿಗೆ ಹೋಗಿ ಕೂತಿದ್ದವು, ಹಳೇ ಮನೆ ಕೆಡವಿ ಆಗಿತ್ತು. ಪಿಲ್ಲರ್ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಅವರು ಕೌಲ್ ಬಜಾರಿನ ಬಾಡಿಗೆ ಮನೆಯಲ್ಲಿದ್ದರು.

‘ಜಿಪಿಎ ತಾನೆ, ಬೇಡ ಅನಿಸಿದರೆ ರದ್ದು ಮಾಡಿದರಾಯ್ತು’ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಷ್ಟು ಸುಲಭ ಇಲ್ಲ. ಜಿಪಿಎ ಹಿಡಿದವನಿಗೆ ಆ ಆಸ್ತಿಯಲ್ಲೇ ಹಿತಾಸಕ್ತಿ ಇದ್ದರೆ, ಅವನಿಗೆ ನಷ್ಟವಾಗುವಂತೆ ಅದನ್ನು ರದ್ದು ಮಾಡಲು ಬರುವುದಿಲ್ಲ. 1872ರ ಕರಾರು ಕಾಯ್ದೆಯ 202ನೇ ಸೆಕ್ಷನ್ ಹೇಳುವುದು ಇದನ್ನೇ. ಅದಕ್ಕೇ ಕೊಡುವಾಗಲೇ ಕಡಿಮೆ ಕೊಡಿ. ಮೊದಲ ಜಿಪಿಎ ಪಾಲಿಕೆ, ಜೆಸ್ಕಾಂ ಕಡೆ ಓಡಾಡೋಕೆ ಮತ್ತು ಪ್ಲಾನ್ ಮಂಜೂರು ಮಾಡಿಸೋಕೆ ಮಾತ್ರ. ‘ಆಧಾರ, ಅಡಮಾನ’ ಪದಗಳು ಎಲ್ಲೂ ಇರಬಾರದು. ಸಾಲ ಎತ್ತುವಂತಿಲ್ಲ ಅಂತಲೂ ಒಪ್ಪಂದದಲ್ಲಿ ಬಿಡಿಸಿ ಬರೆಸಿ. ಮೂಲ ಪತ್ರ ನಿಮ್ಮ ಲಾಕರಿನಲ್ಲೇ ಇರಲಿ, ಅವರಿಗೆ ದೃಢೀಕೃತ ನಕಲು ಸಾಕು. ಮಾರುವ ಅಧಿಕಾರವನ್ನು ಅವರ ಪಾಲಿನ ಫ್ಲಾಟುಗಳಿಗೆ ಮಾತ್ರ ಕೊಡಿ, ಅದನ್ನೂ ಕೆಲಸ ಮೇಲೆದ್ದಂತೆ ಒಂದೊಂದಾಗಿ ಕೊಡಿ.

ಇನ್ನು ನಾಲ್ಕನೇ ಮಹಡಿ. ‘ಎಲ್ಲರೂ ಏರಿಸ್ತಾರೆ ಸರ್, ಆಮೇಲೆ ದಂಡ ಕಟ್ಟಿದರಾಯ್ತು’ ಅನ್ನುವ ಕಾಲ ಹೋಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಕಟ್ಟಡ ಪೂರ್ಣಗೊಂಡ ಮತ್ತು ವಾಸಯೋಗ್ಯ ಪ್ರಮಾಣಪತ್ರ ಇದ್ದರೆ ಮಾತ್ರ ಕರೆಂಟು, ನೀರಿನ ಕನೆಕ್ಷನ್ ಕೊಡಿ, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಲಿ. ಪ್ಲಾನ್ ಮೀರಿ ಕಟ್ಟಿದರೆ ಆ ಪ್ರಮಾಣಪತ್ರ ಸಿಗುವುದಿಲ್ಲ. ಬಿಲ್ಡರ್ ಅಷ್ಟೊತ್ತಿಗೆ ಮೇಲಿನ ಮಹಡಿ ಮಾರಿ ಹೋಗಿರುತ್ತಾರೆ. ಟೆಂಪರರಿ ಮೀಟರಿನಲ್ಲಿ ಜಾಸ್ತಿ ಬಿಲ್ಲು ಕಟ್ಟುತ್ತಾ ಕೂರುವವರು ನೀವು.

ಈ ಪ್ರಮಾಣಪತ್ರಕ್ಕೆ ಇನ್ನೊಂದು ಕೊಂಡಿಯೂ ಇದೆ. ಜಾಗ ನಿಮ್ಮದು, ಕಟ್ಟಡ ಅವರದು ಅನ್ನುವ ಇಂಥ ಕರಾರಿಗೆ ಜಂಟಿ ಅಭಿವೃದ್ಧಿ ಒಪ್ಪಂದ ಅಂತಾರೆ. ಅದು ರಿಜಿಸ್ಟರ್ ಆಗಿದ್ದರೆ, ಜಾಗ ಕೊಟ್ಟದ್ದಕ್ಕೆ ಬರುವ ಆದಾಯ ತೆರಿಗೆ ಒಪ್ಪಂದದ ವರ್ಷ ಬೀಳುವುದಿಲ್ಲ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ವರ್ಷ ಬೀಳುತ್ತದೆ. ನಿಮ್ಮಂಥ ವ್ಯಕ್ತಿಗಳಿಗೆ 2017ರಲ್ಲಿ ತಂದ ಅನುಕೂಲ ಇದು. ಆದರೆ ಪ್ರಮಾಣಪತ್ರ ಬರುವ ಮುಂಚೆ ನಿಮ್ಮ ಪಾಲಿನ ಒಂದು ಫ್ಲಾಟನ್ನು ಮಾರಿದರೆ ಅನುಕೂಲ ಕೈ ತಪ್ಪುತ್ತದೆ. ಸಹಿ ಹಾಕುವ ಮುಂಚೆ ಆಡಿಟರ್ ಹತ್ತಿರ ಒಂದು ಗಂಟೆ ಕೂತುಬನ್ನಿ.

‘ಬಿಲ್ಡರುಗಳ ಮೇಲೆ ಕಣ್ಣಿಡೋ ರೇರಾ ಕಾಯ್ದೆ ಇದೆಯಲ್ಲ’ ಅಂತ ನೀವು ಕೇಳಬಹುದು. ನಿಮ್ಮ ಜಾಗ 446 ಚದರ ಮೀಟರ್. 500 ಚದರ ಮೀಟರ್ ಒಳಗಿನ ಜಾಗಕ್ಕೆ ರೇರಾ ನೋಂದಣಿ ಬೇಕಿಲ್ಲ. ಎಂಟು ಫ್ಲಾಟ್ ಮೀರದ ಕಟ್ಟಡಕ್ಕೂ ಬೇಕಿಲ್ಲ. ಅಂದರೆ ಬಿಲ್ಡರ್ ಎಲ್ಲಿ ದುಡ್ಡು ಇಟ್ಟಿದ್ದಾರೆ, ಕೆಲಸ ಎಲ್ಲಿಗೆ ಬಂತು ಅಂತ ಕೇಳುವವರು ಬೇರೆ ಯಾರೂ ಇಲ್ಲ. ನಿಮಗಿರುವ ಬಲ ನೀವು ಬರೆಸಿಕೊಂಡ ಒಪ್ಪಂದ ಮಾತ್ರ.

ಈಗ ನಿಮ್ಮ ಮೂಲ ಪ್ರಶ್ನೆ, ಒಪ್ಪಬೇಕಾ? ಜಾಗವನ್ನೇ ಮಾರಿದರೆ, ಅಡಿಗೆ 4000 ಹಿಡಿದು, 1 ಕೋಟಿ 92 ಲಕ್ಷ ಈಗಲೇ ಕೈಗೆ ಬರುತ್ತದೆ. ಜಂಟಿ ಅಭಿವೃದ್ಧಿಯಲ್ಲಿ ನಿಮಗೆ ನ್ಯಾಯವಾಗಿ ಬರುವ ಪಾಲು ಇದೇ ಆಸುಪಾಸು, 2 ಕೋಟಿಗೆ ಸ್ವಲ್ಪ ಮೇಲೆ. ಅದೂ ಎರಡೂವರೆ ವರ್ಷ ಕಾದ ಮೇಲೆ. ಬರೀ ದುಡ್ಡಿಗಾಗಿ ಆದರೆ ಈ ಗೋಳು ಬೇಡ, ಮಾರಿ ಬ್ಯಾಂಕಿಗೆ ಹಾಕಿ. ಅದೇ ಓಣಿಯಲ್ಲಿ ಇರಬೇಕು, ಮೆಟ್ಟಿಲು ಹತ್ತದ ಮನೆ ಬೇಕು, ತಂಗಿಗೂ ಪಾಲು ಹೋಗಬೇಕು ಅಂದರೆ ಒಪ್ಪಿ. ಆದರೆ ಅವರು ಹೇಳಿದ ಲೆಕ್ಕಕ್ಕಲ್ಲ.

ನಾನಾದರೆ ಎರಡು ಫ್ಲಾಟ್ ಮತ್ತು 50 ಲಕ್ಷ ನಗದು ಕೇಳುತ್ತೇನೆ. ಒಟ್ಟು 2 ಕೋಟಿ 4 ಲಕ್ಷ ಆಯಿತು. ಬಿಲ್ಡರಿಗೆ ನಾಲ್ಕು ಫ್ಲಾಟ್, 3 ಕೋಟಿ 8 ಲಕ್ಷ. ಖರ್ಚು, ನಿಮ್ಮ ನಗದು ಕಳೆದರೆ 38 ಲಕ್ಷ ಉಳಿಯುತ್ತದೆ. ನಿಮ್ಮ ಬಾಡಿಗೆ ಮನೆಯ ತಿಂಗಳ ಬಾಡಿಗೆಯನ್ನು ಅದರಲ್ಲೇ ಅವರು ಕಟ್ಟಲಿ. ಕಳ್ಳದಾರಿ ಹಿಡಿಯದೆಯೂ ಕೆಲಸ ಮುಗಿಸಬಹುದಾದ ಲಾಭ ಇದು. ಕಾಗದದ ಮೇಲೆ ನಿಮಗೆ ಮೂರು ಫ್ಲಾಟಿಗಿಂತ ಕಡಿಮೆ ಅನಿಸುತ್ತದೆ, ನಿಜ. ಆದರೆ ಮೂರನ್ನು ಇಬ್ಬರು ಒಡಹುಟ್ಟಿದವರು ಹೇಗೆ ಹಂಚಿಕೊಳ್ಳುತ್ತೀರಿ? ಇದಾದರೆ ಒಬ್ಬೊಬ್ಬರಿಗೆ ಒಂದು ಫ್ಲಾಟ್, 25 ಲಕ್ಷ. ಅಪ್ಪನ ಸ್ವಯಾರ್ಜಿತ ಜಾಗ, ವಿಲ್ ಇಲ್ಲ ಅಂದಮೇಲೆ ತಂಗಿಗೆ ಸಮಪಾಲು ಇದ್ದೇ ಇದೆ. ಒಪ್ಪಂದದಲ್ಲಿ ಆಕೆಯ ಸಹಿ ಮೊದಲ ದಿನವೇ ಬೇಕು.

ನಗದನ್ನು ಕಂತಿನಲ್ಲಿ ಕಟ್ಟಿಹಾಕಿ. ರಿಜಿಸ್ಟರ್ ದಿನ 10 ಲಕ್ಷ. ಮಂಜೂರಾದ ಪ್ಲಾನ್ ಕೈಗೆ ಬಂದ ಮೇಲೆ, ಮನೆಗೆ ಮೊದಲ ಸುತ್ತಿಗೆ ಬೀಳುವ ಮುಂಚೆ 15 ಲಕ್ಷ. ಎರಡನೇ ಮಹಡಿ ಸ್ಲ್ಯಾಬ್ ಆದಾಗ ಉಳಿದ 25. ನಗದಿನ ಮೇಲೆ ಶೇಕಡಾ 10 ಟಿಡಿಎಸ್ ಹಿಡಿಯುತ್ತಾರೆ, ಅದು ನಿಮ್ಮ ಪಾನ್ ಖಾತೆಗೇ ಬರುತ್ತದೆ. ಬಿಲ್ಡರ್ ತಮ್ಮ ಪಾಲಿನ ಮೊದಲ ಫ್ಲಾಟನ್ನು ಎಲ್ಲಾ ಸ್ಲ್ಯಾಬ್ ಮುಗಿದ ಮೇಲೆ ಮಾರಲಿ. ಕೊನೆಯದನ್ನು ಮಾತ್ರ ವಾಸಯೋಗ್ಯ ಪ್ರಮಾಣಪತ್ರ ತಂದು, ನಿಮ್ಮ ಎರಡು ಬೀಗದ ಕೈ ಕೊಟ್ಟ ಮೇಲೆ. ಆ 77 ಲಕ್ಷದ ಫ್ಲಾಟು ನಿಮ್ಮ ಕೈಯಲ್ಲಿರುವವರೆಗೆ ಅವರು ನಾಲ್ಕನೇ ಮಹಡಿಯ ಯೋಚನೆ ಮಾಡುವುದಿಲ್ಲ.

ಪ್ಲಾನ್ ಮಂಜೂರಾದ ವಾರದಲ್ಲೇ ಹಂಚಿಕೆ ಪತ್ರ ಮಾಡಿಸಿ. ‘ಎರಡು ಫ್ಲಾಟ್’ ಅಂತ ಬರೆದರೆ ಸಾಲದು. ಯಾವ ಮಹಡಿ, ಯಾವ ದಿಕ್ಕು, ಯಾವ ಪಾರ್ಕಿಂಗ್ ಅಂತ ನಂಬರ್ ಹಾಕಿ, ಪ್ಲಾನಿನ ಮೇಲೆ ಬಣ್ಣ ತುಂಬಿ ಇಬ್ಬರೂ ಸಹಿ ಹಾಕಿ. ನಮ್ಮ ಬಿಸಿಲಿಗೆ ಪಶ್ಚಿಮದ ಗೋಡೆ, ಮೇಲಿನ ಮಹಡಿ ಎರಡೂ ಬೇಡ, ಮೊದಲ ಮಹಡಿ ಪೂರ್ವದ್ದು ಹಿಡಿಯಿರಿ. ಸಂಪಿನ ಅಳತೆಯನ್ನೂ ಬರೆಸಿ. ಒಬ್ಬರಿಗೆ ದಿನಕ್ಕೆ 135 ಲೀಟರ್, ಆರು ಮನೆಗೆ 30 ಜನ ಅಂದರೆ ದಿನಕ್ಕೆ 4000 ಲೀಟರ್. ನಳದ ನೀರು ಹತ್ತು ದಿನಕ್ಕೊಮ್ಮೆ ಬಂದರೆ 40,000 ಲೀಟರಿನ ಸಂಪು ಬೇಕು. ಬಿಲ್ಡರುಗಳು ಸುಮ್ನೆ 10,000ದ್ದು ತೋಡಿ ಬಿಡುತ್ತಾರೆ.

1951ರಲ್ಲಿ ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತಲ್ಲ, ನಿಮ್ಮ ಕ್ರಯಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಹಾಗಿದ್ದರೆ ಅನುವಾದ ಮಾಡಿಸಿ. ಅದರ ಚಕ್ಕುಬಂದಿಯನ್ನು ಇ-ಖಾತಾಗೆ ಹೋಲಿಸಿ. ಖಾತಾ ಇನ್ನೂ ಅಪ್ಪನ ಹೆಸರಲ್ಲೇ ಇದ್ದರೆ ಅದೇ ಮೊದಲ ಕೆಲಸ.

ಇನ್ನೊಂದು. ಕೆಡವಿದ ಮನೆಯ ತೇಗದ ಬಾಗಿಲು, ತೊಲೆ, ಕಡಪಾ ಬಂಡೆ ಯಾರಿಗೆ ಅಂತ ಒಪ್ಪಂದದಲ್ಲಿ ಬರೆಯದಿದ್ದರೆ ಅವು ಕೆಡವುವವನ ಲಾರಿ ಹತ್ತಿ ಹೋಗುತ್ತವೆ. ನಿಮಗೆ ಅಂತ ಬರೆಸಿ. ಬಾಗಿಲು ಬಿಚ್ಚುವ ದಿನ ನೀವೂ ಅಲ್ಲೇ ಇರಿ.