ಅಮ್ಮನ ಕಾಗದಕ್ಕೆ 'ಸದರಿ' ಯಾಕೆ ಬೇಕು?

"ಸಂಪಾದಕರೇ, ನಾನು ರಿಟೈರ್ಡ್ ಟೀಚರ್, ವಯಸ್ಸು 71. ಯಜಮಾನ್ರು ಹೋಗಿ ಆರು ವರ್ಷ ಆಯ್ತು. ಮನೆ ನನ್ನ ಹೆಸರಲ್ಲೇ ಇದೆ, ನನ್ನ ಸಂಬಳದ ಮೇಲೆ ಸಾಲ ತಗೊಂಡು ಕಟ್ಟಿದ್ದು. ಮೂರು ಮಕ್ಳಿಗೂ ಸೇರಿಸಿ ಒಂದು ನಾಲ್ಕು ಪುಟದ ಕಾಗದ ಬರ್ದೆ. ಕೆಳಗಿನ ಮನೆ ಮಗಳಿಗೆ, ನನ್ನ ಸೊಂಟದ ಆಪರೇಷನ್ ಆದಾಗ ಐದು ತಿಂಗಳು ಬಂದು ನೋಡ್ಕೊಂಡೋಳು ಅವಳು. ಮೇಲಿನ ಮನೆ ದೊಡ್ಡ ಮಗನಿಗೆ, ಅದನ್ನ ಕಟ್ಟಿಸಿದ್ದೇ ಅವನು. ಅಮೆರಿಕದಲ್ಲಿರೋ ಚಿಕ್ಕವನಿಗೆ ಮನೇಲಿ ಪಾಲಿಲ್ಲ, ಅವನ ಓದಿಗೆ ಸೈಟ್ ಮಾರಿದ್ದೆ, ಒಡವೇಲಿ ಅರ್ಧ ಅವನಿಗೆ, ಉಳಿದರ್ಧ ಇವರಿಬ್ಬರಿಗೆ. ದೊಡ್ಡ ಮಗ ಡೀಡ್ ರೈಟರ್ ಹತ್ರ ಕರ್ಕೊಂಡು ಹೋದ. ಆತ ಓದಿ ನಕ್ಕುಬಿಟ್ರು, 'ಇದೆಲ್ಲ ವಿಲ್‌ನಲ್ಲಿ ಬರಲ್ಲ ಅಮ್ಮ' ಅಂದ್ರು. ಅವರು ಬರ್ದುಕೊಟ್ಟಿದ್ದು ನಂಗೇ ಅರ್ಥ ಆಗ್ಲಿಲ್ಲ. ಜೆರಾಕ್ಸ್ ಕಳಿಸಿದ್ದೀನಿ. ಕಾಗದ ಹರಿದು ಹಾಕ್ಲಾ? ಮೂವರಿಗೂ ಸಮ ಅಂತ ಬರ್ದು ಕೈ ತೊಳ್ಕೊಳ್ಳೋದೇ ವಾಸಿನಾ?"
— ಹೆಸರು ಬೇಡ, ಹಾಸನ

ಹರಿಬೇಡಿ ಅಮ್ಮ. ನಿಮ್ಮ ಜೆರಾಕ್ಸ್ ಎರಡು ಸಲ ಓದ್ದೆ, ಆಮೇಲೆ ಡೀಡ್ ರೈಟರ್ ಬರ್ದುಕೊಟ್ಟಿದ್ದನ್ನೂ ಓದ್ದೆ, ಎರಡನೇದನ್ನ ಓದೋಕೆ ನಂಗೆ ಕಾಫಿ ಬೇಕಾಯ್ತು. "ಸದರಿ ಷೆಡ್ಯೂಲ್ ಸ್ವತ್ತನ್ನು ನನ್ನ ಜೀವಿತ ಕಾಲಾನಂತರ ಸದರಿಯವರು ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು" ಅಂತ ಶುರುವಾದ ವಾಕ್ಯ ಹನ್ನೊಂದು ಸಾಲು ಆದ್ರೂ ಮುಗಿಯಲ್ಲ, ಅದರಲ್ಲಿ 'ಸದರಿಯವರು' ಅಂದ್ರೆ ಮಗಳೋ ಮಗನೋ ಅಂತ ನಂಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಹೆಂಗಸಿಗೆ ತನ್ನ ವಿಲ್ಲೇ ಅರ್ಥ ಆಗ್ಲಿಲ್ಲ ಅಂದ್ರೆ ತಪ್ಪು ನಿಮ್ಮದಂತೂ ಅಲ್ಲ.

ಇನ್ನು ಆ ನಗು. ಆ ಪುಣ್ಯಾತ್ಮ ನಕ್ಕಿದ್ದು ನಿಮ್ಮನ್ನ ನೋಡಿ ಇರಬಹುದು, ಆದ್ರೆ ನಗು ಬಿದ್ದಿದ್ದು ಕಾನೂನಿನ ಮೇಲೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅಂತ ಇದೆಯಲ್ಲ, ಅದರ 74ನೇ ಸೆಕ್ಷನ್ ನನ್ನ ಮೆಚ್ಚಿನ ಸೆಕ್ಷನ್ನು, ಸಿಕ್ಕಿದೋರಿಗೆಲ್ಲ ಹೇಳ್ತಿರ್ತೀನಿ: ವಿಲ್‌ಗೆ ಕಾನೂನಿನ ಪದಗಳೇನೂ ಬೇಕಾಗಿಲ್ಲ, ಬರೆದವರ ಮನಸ್ಸಲ್ಲಿ ಏನಿತ್ತು ಅನ್ನೋದು ಆ ಮಾತಿಂದ ತಿಳಿದ್ರೆ ಸಾಕು. ಬ್ರಿಟಿಷರ ಕಾಲದಲ್ಲಿ ಬರೆದ ಕಾಯ್ದೆಗಿರೋ ಈ ಸೌಜನ್ಯ ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಟೇಬಲ್ಲುಗಳಿಗೆ ಇನ್ನೂ ತಲುಪಿಲ್ಲ ನೋಡಿ.

ಹಾಗಂತ ನಿಮ್ಮ ಕಾಗದ ಈಗಿರೋ ಹಾಗೇ ವಿಲ್ ಆಗಲ್ಲ. ಭಾಷೆಯಲ್ಲಿ ತೊಂದರೆ ಇಲ್ಲ, ಕೊನೇ ಪುಟದಲ್ಲಿದೆ ತೊಂದರೆ. ನೀವು "ಇಂತಿ ನಿಮ್ಮ ಅಮ್ಮ" ಅಂತ ಬರೆದು ಬಿಟ್ಟಿದ್ದೀರ. ಕಾನೂನು ಕೇಳೋದು ನಿಮ್ಮ ಸಹಿ, ಆಮೇಲೆ ಇಬ್ಬರು ಸಾಕ್ಷಿಗಳ ಸಹಿ. ಸಾಮಾನ್ಯವಾಗಿ ಆ ಇಬ್ಬರೂ ನೀವು ಸಹಿ ಹಾಕೋದನ್ನ ಕಣ್ಣಾರೆ ನೋಡಿರಬೇಕು, ನಿಮ್ಮ ಎದುರಿಗೇ ತಮ್ಮ ಸಹಿ ಹಾಕಬೇಕು. ಇಷ್ಟಾದ್ರೆ ಬಿಳಿ ಹಾಳೇನೂ ಆಗುತ್ತೆ. ಸ್ಟ್ಯಾಂಪ್ ಪೇಪರ್ ಬೇಕಾಗಿಲ್ಲ. ರಿಜಿಸ್ಟರ್ ಮಾಡಿಸೋದೂ ಕಡ್ಡಾಯ ಅಲ್ಲ, ಆದ್ರೆ ಮಾಡಿಸಿ, ಕಾಗದ ಕಳೆದುಹೋಯ್ತು ಅನ್ನೋ ಕಥೆಗೆ ಜಾಗ ಇರಲ್ಲ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಪಾಲು ಪಡೆಯೋರು ಆಗಿರದೇ ಇರಲಿ. ನಾಳೆ ಕೋರ್ಟಿಗೆ ಹೋದ್ರೆ ಬಂದು ಹೇಳಬೇಕಾದೋರು ಅವರೇ, ನಿಮ್ಮ ಓರಗೆಯ ಟೀಚರನ್ನ ಕರೆದ್ರೆ ಅವರೆಲ್ಲಿರ್ತಾರೋ ಯಾರಿಗ್ಗೊತ್ತು.

ಈಗ 'ಸಮ' ಅನ್ನೋ ಮಾತಿಗೆ ಬರೋಣ. ಸಮ ಅನ್ನೋದ್ರಲ್ಲಿ ನ್ಯಾಯ ಇದೆ, ಇಲ್ಲ ಅನ್ನಲ್ಲ. ನೀವು ಏನೂ ಬರೀದೇ ಹೋದ್ರೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೂವರಿಗೂ ಸಮವಾಗೇ ಹೋಗುತ್ತೆ, ಮಗಳಿಗೂ ಅಷ್ಟೇ. ಅಂದ್ರೆ ಸಮ ಬೇಕಾದ್ರೆ ವಿಲ್ಲೇ ಬೇಡ ಅಮ್ಮ, ಸುಮ್ನೆ ಕೂತ್ಕೊಂಡ್ರೆ ಆಯ್ತು.

ನಮ್ಮ ಸೋದರತ್ತೆ ಹಾಗೇ ಕೈ ತೊಳ್ಕೊಂಡಿದ್ರು. "ಚರ ಸ್ವತ್ತೆಲ್ಲ ಮೂವರು ಮಕ್ಕಳಿಗೂ ಸಮನಾಗಿ" ಅಂತ ಒಂದೇ ಸಾಲು. ವೈಕುಂಠ ಸಮಾರಾಧನೆ ಮುಗಿದ ಸಾಯಂಕಾಲ ಒಡವೆ ಡಬ್ಬಿ ಬಿಚ್ಚಿದ್ರು, ಎಲೆ ತೆಗೆದ ಜಾಗ ಇನ್ನೂ ಒಣಗಿರಲಿಲ್ಲ. ಬೆಂಡೋಲೆ ಒಂದು ಜೊತೆ, ಮಕ್ಕಳು ಮೂರು. ಒಂದು ಡಾಬು, ಅದನ್ನ ಯಾರೂ ಬಿಟ್ಟುಕೊಡಲಿಲ್ಲ, ಯಾರೂ ಹಾಕ್ಕೊಳ್ಳೋ ಸೊಂಟದೋರೂ ಇರಲಿಲ್ಲ ಅದು ಬೇರೆ ಮಾತು. ಕೊನೆಗೆ ಅಂಗಡಿಗೆ ತಗೊಂಡು ಹೋಗಿ ತೂಕ ಹಾಕಿಸಿ ಮೂರು ತುಂಡು ಮಾಡಿಸಿದ್ರು. ತುಂಡಾದ ಡಾಬು ಈಗ್ಲೂ ಮೂರು ಊರಿನ ಮೂರು ಲಾಕರ್‌ನಲ್ಲಿದೆ, ಗ್ರಾಂ ಲೆಕ್ಕದಲ್ಲಿ ಪಕ್ಕಾ ಸಮ. ಅಕ್ಕತಂಗಿ ಮಾತಾಡಲ್ಲ.

ಅದಕ್ಕೇ ನಿಮ್ಮ ಮೂರನೇ ಪುಟ ಓದಿ ನಂಗೆ ಸಂತೋಷ ಆಗಿದ್ದು. "ನಮ್ಮಮ್ಮ ಹಾಕಿದ ಎರಡೆಳೆ ಅವಲಕ್ಕಿ ಸರ, 38 ಗ್ರಾಂ, ಕೊಂಡಿ ಹತ್ರ ಒಂದು ಗುಂಡು ಇಲ್ಲ, ಅದು ಮಗಳಿಗೆ." ಡೀಡ್ ರೈಟರ್ ಇದನ್ನ ಹೊಡೆದು ಹಾಕಿ "ಚಿನ್ನಾಭರಣಗಳು" ಅಂತ ಬರೆದಿದ್ದಾರೆ! ಆ ಇಲ್ಲದ ಗುಂಡಿಗಿಂತ ಒಳ್ಳೇ ಗುರುತು ಯಾವ ವಕೀಲರು ಬರೀತಾರೆ? ಆ 1925ರ ಕಾಯ್ದೆಯ 89ನೇ ಸೆಕ್ಷನ್ ನೋಡಿ, ಅಸ್ಪಷ್ಟವಾಗಿ ಬರೆದ್ರೆ ಆ ದಾನ ಅಸಿಂಧು. "ಷೆಡ್ಯೂಲಿನಲ್ಲಿರುವ ವಸ್ತುಗಳೆಲ್ಲ ಇಂಥವನಿಗೆ" ಅಂತ ಬರೆದು ಷೆಡ್ಯೂಲೇ ಸಿಗದಿದ್ರೆ ಏನೂ ಸಿಗಲ್ಲ ಅಂತ ಕಾಯ್ದೆಯೇ ಉದಾಹರಣೆ ಕೊಟ್ಟಿದೆ. ನಿಮ್ಮ ಡೀಡ್ ರೈಟರ್ ಕರಡಲ್ಲಿ "ಒಡವೆ ಷೆಡ್ಯೂಲ್ ಸಿ" ಅಂತಿದೆ, ನಾನು ಹಾಳೆ ತಿರುವಿ ತಿರುವಿ ನೋಡ್ದೆ, ಎ ಇದೆ, ಬಿ ಇದೆ, ಸಿ ಇಲ್ಲವೇ ಇಲ್ಲ.

ನೀವು ಎಡವಿರೋದು ಒಂದು ಕಡೆ ಇದೆ, ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅದೇ ಪುಟದ ಅಂಚಲ್ಲಿ "ಬರೋ ವರ್ಷ ಕಾಸಿನ ಸರ ಮುರಿಸಿ ಬಳೆ ಮಾಡಿಸಬೇಕು" ಅಂತ ಪೆನ್ಸಿಲ್‌ನಲ್ಲಿ ಬರ್ಕೊಂಡಿದ್ದೀರ. ಕಾಸಿನ ಸರ ಚಿಕ್ಕವನಿಗೆ ಅಂತ ವಿಲ್ ಆಗಿ, ಆಮೇಲೆ ನೀವು ಅದನ್ನ ಮುರಿಸಿದ್ರೆ ಬಳೆ ಅವನಿಗೆ ಹೋಗುತ್ತೆ ಅಂದ್ಕೊಂಡಿದ್ದೀರ, ಹೋಗಲ್ಲ. 152ನೇ ಸೆಕ್ಷನ್‌ನಲ್ಲಿ ಇದಕ್ಕೂ ಉದಾಹರಣೆ ಇದೆ, "ನನ್ನ ಚಿನ್ನದ ಸರ" ಅಂತ ಬರೆದವನು ಬದುಕಿದ್ದಾಗಲೇ ಆ ಸರ ಕರಗಿಸಿ ಬಟ್ಟಲು ಮಾಡಿಸಿದ್ರೆ ಆ ದಾನ ಅಲ್ಲಿಗೆ ಮುಗೀತು. ನಿಮ್ಮ ಮನೇಲಿ ಮನೆ ಪಾಲಿಲ್ಲದೋನು ಅವನೊಬ್ಬನೇ, ಅವನಿಗೇ ಹೀಗಾಗೋದು ಬೇಡ. ಬಳೆ ಮೊದಲು ಮಾಡಿಸಿ, ವಿಲ್ ಆಮೇಲೆ ಬರೀರಿ. ಇಲ್ಲಾಂದ್ರೆ ಒಂದು ಸಾಲು ಸೇರಿಸಿ: "ಈ ಒಡವೆ ಆಗ ಇಲ್ಲದಿದ್ರೆ ಅಷ್ಟೇ ತೂಕದ ಚಿನ್ನ ನನ್ನ ಉಳಿದ ಒಡವೆಯಿಂದ ಅವನಿಗೆ ಕೊಡಬೇಕು."

ಮತ್ತೆ ಈ ದೊಡ್ಡ ಮಗನ ವಿಷಯ. ಹುಡುಗ ಒಳ್ಳೆಯವನೇ ಇರ್ತಾನೆ, ಆಟೋ ಹುಡುಕೋ ಕಷ್ಟ ತಪ್ಪಿಸಿದ್ದಾನೆ ಅಷ್ಟೆ. ಆದ್ರೆ ಅವನ ಜೊತೆ ಮತ್ತೆ ಹೋಗಬೇಡಿ! ನಮ್ಮ ಮೈಸೂರು ಸೀಮೆಯದ್ದೇ ಒಂದು ಕೇಸಿದೆ, ವೆಂಕಟಾಚಲ ಅಯ್ಯಂಗಾರ್ ವರ್ಸಸ್ ತಿಮ್ಮಾಜಮ್ಮ ಅಂತ, ದೇಶದಲ್ಲಿ ವಿಲ್ ತಗಾದೆ ಎಲ್ಲೇ ನಡೆದ್ರೂ ವಕೀಲರು ಇವತ್ತಿಗೂ ಇದನ್ನೇ ತೆಗೆಯೋದು. ಲಕ್ಷ್ಮಮ್ಮ ಅನ್ನೋರು 1945ರಲ್ಲಿ ಮಾಡಿದ್ರು ಅಂತ ಹೇಳಿದ ವಿಲ್ಲು, ಸುಪ್ರೀಂ ಕೋರ್ಟಲ್ಲಿ ತೀರ್ಮಾನ ಆಗಿದ್ದು 1958ರಲ್ಲಿ, ಹದಿಮೂರು ವರ್ಷ. ವಿಲ್ ಬರೆಸೋದ್ರಲ್ಲಿ ಮುಂದೆ ನಿಂತು ಓಡಾಡಿದೋರು ಯಾರೋ, ಅದರಿಂದ ಲಾಭ ಆಗಿದ್ದೂ ಅವರ ಮಕ್ಕಳಿಗೇ. ಇಂಥ ಅನುಮಾನ ಇದ್ರೆ ಅದನ್ನ ನಿವಾರಿಸೋ ಭಾರ ವಿಲ್ ತಂದೋರ ಮೇಲೇ ಅಂತ ಕೋರ್ಟ್ ಹೇಳ್ತು, ಅವರ ಕೈಲಿ ಆಗ್ಲಿಲ್ಲ, ವಿಲ್ ನಿಲ್ಲಲಿಲ್ಲ. ನೀವು ದೊಡ್ಡ ಮಗನಿಗೆ ಮೇಲಿನ ಮನೆ ಕೊಡಬೇಕು ಅಂತಿದ್ರೆ ಅವನನ್ನ ಮನೇಲೇ ಬಿಟ್ಟು ಪಕ್ಕದ ಮನೆಯೋರ ಜೊತೆ ಹೋಗಿ. ಕೈಯಲ್ಲಾದ್ರೆ ವಿಲ್ಲನ್ನ ನಿಮ್ಮ ಅಕ್ಷರದಲ್ಲೇ ಬರೀರಿ, ಬೋರ್ಡ್ ಮೇಲೆ ಬರೆದ ಕೈ ಅದು, ಗುರುತು ಹಿಡಿಯೋ ಶಿಷ್ಯರು ಊರ ತುಂಬ ಇರ್ತಾರೆ.

ಚಿಕ್ಕವನಿಗೆ ಮನೇಲಿ ಪಾಲು ಯಾಕಿಲ್ಲ ಅನ್ನೋದನ್ನ ಕಾಗದದಲ್ಲಿ ಒಂದೂವರೆ ಪುಟ ಬರೆದಿದ್ದೀರ, ಸೈಟ್ ಮಾರಿದ ದಿನ ಅವನು ಊಟ ಮಾಡದೆ ಮಲಗಿದ್ದೂ ಸೇರಿಸಿ. ಆ ಒಂದೂವರೆ ಪುಟದಲ್ಲಿ ಎರಡು ಸಾಲು ವಿಲ್‌ಗೆ ಬರಲೇಬೇಕು, ಡೀಡ್ ರೈಟರ್ ಬರಲ್ಲ ಅಂದಿದ್ದು ಇದನ್ನೇ ಅಲ್ವಾ? ಸ್ವಂತ ಮಗನಿಗೆ ಕಾರಣ ಹೇಳದೆ ಪಾಲು ಬಿಟ್ರೆ ಕೋರ್ಟಿಗೆ ಅನುಮಾನ ಬರೋ ಜಾಗವೇ ಅದು. "ಅವನ ಓದಿಗೆ ಇಂಥ ವರ್ಷ ಇಂಥ ಸೈಟ್ ಮಾರಿದ್ದೀನಿ, ಅವನ ಮೇಲೆ ನಂಗೆ ಕೋಪ ಇಲ್ಲ." ಇಷ್ಟು ಸಾಕು. ಊಟದ ವಿಷಯ ಕಾಗದದಲ್ಲೇ ಇರಲಿ, ಅದು ಜಡ್ಜಿಗಲ್ಲ, ಅವನಿಗೆ.

ಅಂದ್ರೆ ಎರಡು ಕಾಗದ ಅಮ್ಮ. ಒಂದು ವಿಲ್ಲು, ಚಿಕ್ಕದು, ಸಾಕ್ಷಿ ಸಹಿ ಇರೋದು. ಇನ್ನೊಂದು ಈ ನಾಲ್ಕು ಪುಟ, ಅದರ ಮೇಲೆ "ಇದು ವಿಲ್ ಅಲ್ಲ" ಅಂತ ಬರೆದುಬಿಡಿ, ಇದಕ್ಕೆ ಸಾಕ್ಷಿ ಸಹಿ ಮಾತ್ರ ಹಾಕಿಸಬೇಡಿ, ಯಾಕಂದ್ರೆ ಕೊನೇಲಿ ಬರೆದ ವಿಲ್ಲೇ ನಡೆಯೋದು, ಎರಡಕ್ಕೂ ಸಾಕ್ಷಿ ಇದ್ದು ಎಲ್ಲೋ ಒಂದು ಬಳೆ ಲೆಕ್ಕ ಹೆಚ್ಚುಕಮ್ಮಿ ಆದ್ರೆ ಯಾವುದು ವಿಲ್ ಅನ್ನೋದೇ ಹೊಸ ಕೇಸು. ಮಕ್ಕಳಿಗೆ ಈ ನಾಲ್ಕು ಪುಟ ಈಗಲೇ ಕಳಿಸಿ, ಬೀರುವಲ್ಲಿ ಇಡಬೇಡಿ. ಚಿಕ್ಕವನು ಫೋನ್ ಮಾಡಿ ಜಗಳ ಆಡ್ತಾನೆ, ಆಡಲಿ, ಉತ್ತರ ಕೊಡೋಕೆ ನೀವಿದ್ದೀರಲ್ಲ. ಮನಸ್ಸು ಬದಲಾದ್ರೆ ವಿಲ್ ಬದಲಾಯಿಸೋ ಹಕ್ಕೂ ಕೊನೇವರೆಗೂ ನಿಮ್ಮದೇ.

ಡೀಡ್ ರೈಟರ್ ಪರವಾಗಿ ಒಂದು ಮಾತು, ಪಾಪ. ಚಕ್ಕುಬಂದಿ, ಖಾತೆ ನಂಬರು, ಅಳತೆ, ಅದನ್ನೆಲ್ಲ ಅವರು ಸರಿಯಾಗೇ ಬರೆದಿದ್ದಾರೆ, ಅದನ್ನ ಹಾಗೇ ಇಟ್ಕೊಳ್ಳಿ. ಉಳಿದಿದ್ದಕ್ಕೆ ಆ ಭಾಷೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಇಲ್ಲೇ ನಮ್ಮ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದ, ಹೆಂಗಸಿಗೆ ಯಾವ ದಾರೀಲಿ ಬಂದ ಆಸ್ತಿಯಾದ್ರೂ ಅದು ಸ್ತ್ರೀಧನ ಅಂತ ಬಿಡಿಸಿ ಹೇಳಿದ, ಗ್ರಂಥದ ಹೆಸರೇ ಮಿತ ಅಕ್ಷರ. ಒಂಬೈನೂರು ವರ್ಷ ಆದ್ಮೇಲೆ ನಾವು ಒಂದು ಮನೆ, ಒಂದು ಒಡವೆ ಡಬ್ಬಿ ಹಂಚೋಕೆ ಹನ್ನೊಂದು ಸಾಲಿನ ವಾಕ್ಯ ಬರೀತೀವಿ. ಬ್ಯಾಂಕ್ ಫಾರಂ ಹಾಗೇ, ಕರೆಂಟ್ ಬಿಲ್ ಹಿಂದಿನ ಸೂಚನೆ ಹಾಗೇ, ಓದಬಾರದು ಅಂತಲೇ ಬರೆದ ಹಾಗಿರುತ್ತೆ. ಇರಲಿ, ಇದನ್ನ ಶುರು ಮಾಡಿದ್ರೆ ನಿಲ್ಸಲ್ಲ ಅಂತ ನಮ್ಮ ಆಫೀಸಲ್ಲಿ ಎಲ್ಲರಿಗೂ ಗೊತ್ತು.

ಒಂದೇ ಒಂದು ಬಿಟ್ಟಿದ್ದೀರ. ಕೆಳಗಿನ ಮನೆ ಒಬ್ಬರಿಗೆ, ಮೇಲಿನದು ಒಬ್ಬರಿಗೆ ಸರಿ, ನೆಲ? ಸೈಟಿನಲ್ಲಿ ಇಬ್ಬರಿಗೂ ಅರ್ಧರ್ಧ ಹಕ್ಕು ಅಂತ ಬರೀಬೇಕು. ಮೆಟ್ಟಿಲು ಇಬ್ಬರದ್ದೂ ಅಂತ ಬರೀಬೇಕು. ಸಂಪು ಪೋರ್ಟಿಕೋ ಕೆಳಗಿದೆ ಅಂತಿದ್ದೀರ, ಹಾಗಾದ್ರೆ ಮೇಲಿನೋರಿಗೆ ಮೋಟಾರ್ ಹಾಕೋ ಹಕ್ಕು ಬೇಕು. ಮತ್ತೆ ಆ ಟೆರೇಸು. ನಾಲ್ಕು ಪುಟದಲ್ಲಿ ಹಪ್ಪಳ ಒಣಗಿಸಿದ್ದೆಲ್ಲ ಇದೆ, ಟೆರೇಸ್ ಯಾರದ್ದು ಅಂತ ಇಲ್ಲ.