ಮನೆ ಏಳುವ ಮುಂಚೆ

ಸಂಪಾದಕರೇ, ಒಂದು ಊದುಬತ್ತಿಗೆ ಟ್ಯಾಗ್‌ಲೈನ್ ಬರೆಯುತ್ತಿದ್ದೇನೆ. ಬೆಳಗಿನ ಪ್ರಾರ್ಥನೆಯ ನೆಮ್ಮದಿ ಅದರಲ್ಲಿರಬೇಕು, ಒಂದು ಸಮುದಾಯದ್ದು ಅನ್ನಿಸಬಾರದು. ‘ಸೂರ್ಯೋದಯದ ಪೂಜೆಗೆ ಸರ್ವಧರ್ಮದ ಪರಿಮಳ’ ಎಂದು ಬರೆದೆ. ಕಂಪನಿಯವರು ‘ಪೂಜೆ’ ಬಿಡಬೇಡಿ ಅನ್ನುತ್ತಾರೆ. ನೀವೇನಂತೀರಿ?
– ಒಬ್ಬ ಓದುಗ

ಕಂಪನಿಯವರ ಮಾತಿನಲ್ಲಿ ಲೆಕ್ಕ ಇದೆ. ಊದುಬತ್ತಿ ಕೊಳ್ಳುವವರಲ್ಲಿ ಪೂಜೆಗೆಂದೇ ಕೊಳ್ಳುವವರು ಬಹಳ. ಆದರೆ ಅವರಿಗೆ ‘ಪ್ರಾರ್ಥನೆ’ ಅಂದರೂ ಪೂಜೆಯೇ ನೆನಪಾಗುತ್ತದೆ. ‘ಪೂಜೆ’ ಅಂದಾಗ ಮಾತ್ರ ಉಳಿದವರು ಹೊರಗೆ ನಿಲ್ಲುತ್ತಾರೆ. ಬಿಟ್ಟರೆ ನಷ್ಟ ಯಾರಿಗೂ ಇಲ್ಲ, ಅಲ್ವಾ?

ನನಗೆ ‘ಪೂಜೆ’ಗಿಂತ ಜಾಸ್ತಿ ಚುಚ್ಚಿದ್ದು ‘ಸೂರ್ಯೋದಯ’. ಯಾರಿಗೂ ಸೇರದ ಪದ ಅಂತ ನೀವು ಅದನ್ನು ಆರಿಸಿರಬೇಕು. ಮುಸ್ಲಿಮರ ಬೆಳಗಿನ ನಮಾಜ್ ಫಜ್ರ್ ಸೂರ್ಯ ಹುಟ್ಟುವಷ್ಟರಲ್ಲಿ ಮುಗಿದಿರಬೇಕು. ಸೂರ್ಯ ಮೇಲೇಳುವ ಆ ಗಳಿಗೆಯಲ್ಲಿ ಅವರು ನಮಾಜ್ ಮಾಡುವುದಿಲ್ಲ. ಅರ್ಘ್ಯ ಕೊಡುವವರಿಗೆ ಮಾತ್ರ ಅದು ಸರಿಯಾದ ಹೊತ್ತು. ನೋಡಿ, ಹೊತ್ತಿಗೂ ಮನೆತನ ಇರುತ್ತದೆ. ‘ನಸುಕು’ ಅನ್ನಿ. ಬ್ರಾಹ್ಮೀ ಮುಹೂರ್ತವೂ ಅದರೊಳಗೇ ಬರುತ್ತದೆ, ಫಜ್ರೂ ಬರುತ್ತದೆ.

ಸನ್ನೆಗಳಲ್ಲೂ ಹೀಗೇ. ‘ಕೈಮುಗಿದು’ ಅಂದರೆ, ಅಂಗೈ ತೆರೆದು ದುವಾ ಕೇಳುವವರು ತಪ್ಪಿಹೋದರು. ‘ಗಂಟೆಯ ನಾದ’ ಗುಡಿಗೂ ಚರ್ಚಿಗೂ ಹೊಂದಬಹುದು, ಮಸೀದಿಗೆ ಇಲ್ಲ. ‘ಹೊಗೆ’ ಯಾರದ್ದೂ ಅಲ್ಲ, ಆದರೂ ಬೇಡ. ಆಡುಮಾತಿನಲ್ಲಿ ಅದು ಸಾವಿನ ಕಡೆ ಎಳೆಯುತ್ತದೆ. ‘ಘಮ’ ಸಾಕು.

ಇನ್ನು ‘ಸರ್ವಧರ್ಮ’. ಇದು ನನಗೆ ವರ್ಷಗಳ ಬೇಸರ. ಮೂರು ಬಗೆಯ ಉಡುಪಿನವರನ್ನು ಸಾಲಾಗಿ ನಿಲ್ಲಿಸಿದ ಕರಪತ್ರ, ಕ್ಯಾಲೆಂಡರ್ ಎಷ್ಟು ನೋಡಿದ್ದೇನೋ! ತಲೆ ಎಣಿಸಿದ ಕೂಡಲೇ ಎಣಿಕೆಯಲ್ಲಿ ಬಿಟ್ಟುಹೋದವರು ಇರುತ್ತಾರೆ. ಒಟ್ಟಿಗೆ ಇರುವವರಿಗೆ ‘ನಾವು ಒಟ್ಟಿಗೆ’ ಅಂತ ಬೋರ್ಡು ಬೇಕಾಗುವುದಿಲ್ಲ. ಸೈಕಲ್ ಅಗರಬತ್ತಿಯವರ ಇಂಗ್ಲಿಷ್ ಸಾಲು ನೆನಪಿದೆಯಾ? ಪ್ರಾರ್ಥಿಸಲು ಎಲ್ಲರಿಗೂ ಒಂದು ಕಾರಣವಿದೆ ಎಂದು ಅದರ ಅರ್ಥ. ಅದರಲ್ಲಿ ಧರ್ಮದ ಮಾತೇ ಇಲ್ಲ. ಮನುಷ್ಯನ ಅಗತ್ಯ ಮಾತ್ರ ಇದೆ.

ಈಗ ನಿಮ್ಮ ಸಾಲಿಗೆ ಬರೋಣ. ‘ಪೂಜೆ’ ತೆಗೆದು ‘ಪ್ರಾರ್ಥನೆ’ ಇಟ್ಟೆ. ‘ಸೂರ್ಯೋದಯ’ ಹೋಗಿ ‘ನಸುಕು’ ಬಂತು. ‘ಸರ್ವಧರ್ಮ’ಕ್ಕೆ ಬದಲಿ ಹುಡುಕಲಿಲ್ಲ, ಸುಮ್ನೆ ಅಳಿಸಿದೆ. ‘ನಸುಕಿನ ಪ್ರಾರ್ಥನೆಗೆ ಪರಿಮಳ’ ಎಂದಾಯಿತು. ತಪ್ಪಿಲ್ಲ, ಆದರೆ ಜೀವವೂ ಇಲ್ಲ. ಆಮೇಲೆ ಆ ಹೊತ್ತಿನಲ್ಲಿ ಎದ್ದಿರುವುದು ಯಾರು ಎಂದು ಯೋಚಿಸಿದೆ. ಮಕ್ಕಳಿನ್ನೂ ಮಲಗಿದ್ದಾರೆ. ಒಬ್ಬರೇ ಎದ್ದು ಸದ್ದಾಗದಂತೆ ಕಡ್ಡಿ ಗೀರುತ್ತಿದ್ದಾರೆ. ಸಾಲು ತಾನಾಗಿ ಬಂತು: ‘ಮನೆ ಏಳುವ ಮುಂಚೆ ಒಂದು ಪ್ರಾರ್ಥನೆ.’ ‘ನಸುಕು’ ಕೂಡ ಬೇಕಾಗಲಿಲ್ಲ.

ಇದನ್ನು ಬೇರೆ ಬೇರೆ ಮನೆಯ ನಾಲ್ಕಾರು ಜನರಿಗೆ ಓದಿ ಹೇಳಿ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಕಣ್ಣಿಗೆ ಯಾರು ಬಂದರು ಎಂದು ಕೇಳಿ. ಒಬ್ಬೊಬ್ಬರೂ ತಮ್ಮ ಅಮ್ಮನನ್ನೋ ಅಜ್ಜನನ್ನೋ ಹೇಳಿದರೆ ಅಚ್ಚಿಗೆ ಕಳಿಸಿ. ಪೊಟ್ಟಣದ ಮೇಲೆ ಯಾವ ಚಿತ್ರ ಹಾಕುತ್ತಾರೆಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ ಗೋಪುರ ಇದ್ದರೆ ನಿಮ್ಮ ಸಾಲನ್ನು ಯಾರೂ ಓದುವುದಿಲ್ಲ.