ಜೊತೆಯಾಟಕ್ಕೆ ಇಬ್ಬರ ಸ್ಕೋರ್ ಕೂಡಿಸಬೇಡಿ

«ಈಡನ್ ಗಾರ್ಡನ್ಸ್ 2001, ಲಕ್ಷ್ಮಣ್ 281, ದ್ರಾವಿಡ್ 180. ಕೂಡಿದ್ರೆ 461. ಎಲ್ಲರೂ 376 ಅಂತಾರಲ್ಲ? ಬೌಲರ್‌ಗಳ ರನ್ ಕೂಡಿದ್ರೂ 639 ಬರ್ತಿದೆ, ಭಾರತ ಹೊಡೆದಿದ್ದು 657. ಕಾರ್ಡೇ ತಪ್ಪಾ?»

ಕಾರ್ಡ್ ಸರಿಯಾಗೇ ಇದೆ ಸರ್. ಜೊತೆಯಾಟ ಬೇಕಾದರೆ ಬ್ಯಾಟಿಂಗ್ ಪಟ್ಟಿಯನ್ನು ನೋಡಲೇಬೇಡಿ, ಕೆಳಗಿನ ವಿಕೆಟ್ ಪತನದ ಸಾಲಿಗೆ ಹೋಗಿ. 1-52, 2-97, 3-115, 4-232, 5-608. ನಾಲ್ಕನೆಯದು ಗಂಗೂಲಿ, ಐದನೆಯದು ಲಕ್ಷ್ಮಣ್. 608ರಲ್ಲಿ 232 ಕಳೆಯಿರಿ, 376. ಲಕ್ಷ್ಮಣ್ ಬಂದಿದ್ದು 52ಕ್ಕೆ ಒಂದು ಬಿದ್ದಾಗ, ದ್ರಾವಿಡ್ ಆರನೇ ಕ್ರಮಾಂಕದಲ್ಲಿ ಇಳಿಯುವ ಹೊತ್ತಿಗೆ ಅವರು ಆಗಲೇ ಸುಮಾರು ರನ್ ಮಾಡಿದ್ದರು. ಲಕ್ಷ್ಮಣ್ ಹೋದ ಮೇಲೂ ದ್ರಾವಿಡ್ ಇನ್ನಷ್ಟು ಹೊಡೆದರು. ಅವೆರಡೂ ಈ ಜೊತೆಯಾಟಕ್ಕೆ ಸೇರುವುದಿಲ್ಲ. ಆದರೆ ಅವರಿಬ್ಬರೂ ಕ್ರೀಸ್‌ನಲ್ಲಿದ್ದಾಗ ಬಂದ ಬೈ, ನೋಬಾಲ್ ಎಲ್ಲ ಸೇರುತ್ತವೆ. 376ರಲ್ಲಿ ಯಾರದೆಷ್ಟು ಅಂತ ಈ ಸಾಲಿನಿಂದ ತಿಳಿಯಲ್ಲ, ಅದಕ್ಕೆ ಸ್ಕೋರರ್ ಪುಸ್ತಕವೇ ಬೇಕು. ಮಧ್ಯೆ ಯಾರಾದರೂ ಗಾಯಗೊಂಡು ಹೊರಹೋಗಿದ್ದರೆ ಈ ಕಳೆಯುವ ಲೆಕ್ಕವೂ ಕೈಕೊಡುತ್ತದೆ, ಯಾಕಂದ್ರೆ ಒಂದೇ ವಿಕೆಟ್‌ಗೆ ಎರಡು ಜೋಡಿ ಆಡಿರುತ್ತವೆ.

ಇನ್ನು 639. ಮೇಲೆ ಒಬ್ಬರು "ಇತರೆ ರನ್ ಬೌಲರ್ ಲೆಕ್ಕಕ್ಕೆ ಬರಲ್ಲ" ಅಂದಿದ್ದಾರೆ. ಅರ್ಧ ಸರಿ. ಹಾಗಂತ ಕಾರ್ಡ್‌ನಲ್ಲಿರುವ ಇತರೆ 34 ಪೂರ್ತಿ ಸೇರಿಸಿದರೆ 673 ಆಗುತ್ತದೆ, ನೋಡಿ. ಒಡೆದು ಓದಿ: ಬೈ 6, ಲೆಗ್‌ಬೈ 12, ವೈಡ್ 2, ನೋಬಾಲ್ 14. ವೈಡ್, ನೋಬಾಲ್ ಬೌಲರ್ ತಲೆಗೇ. ಬೈ, ಲೆಗ್‌ಬೈ ಮಾತ್ರ ಯಾರ ತಲೆಗೂ ಇಲ್ಲ. 6 ಮತ್ತು 12, ಹದಿನೆಂಟು. 639ಕ್ಕೆ 18 ಸೇರಿಸಿದರೆ 657. (1980ರ ದಶಕಕ್ಕೂ ಹಿಂದಿನ ಕಾರ್ಡ್‌ಗಳಿಗೆ ಈ ಸೂತ್ರ ಹಾಕಬೇಡಿ, ಆಗ ವೈಡ್, ನೋಬಾಲ್ ಬೌಲರ್‌ಗೆ ಹಾಕುತ್ತಿರಲಿಲ್ಲ.) ಸುಮ್ನೆ "ಇತರೆ 34" ಅಂತ ಮಾತ್ರ ತೋರಿಸುವ ಆ್ಯಪ್‌ಗಳನ್ನು ದಯವಿಟ್ಟು ಬಿಡಿ, ಅದರಲ್ಲಿ ಲೆಕ್ಕ ತಾಳೆ ನೋಡಲು ಆಗುವುದೇ ಇಲ್ಲ!

ವಿಕೆಟ್ ಕೂಡ ಹಾಗೇ. ಬಿದ್ದಿದ್ದು 7, ಬೌಲರ್‌ಗಳ ಸಾಲಿನಲ್ಲಿ ಸಿಗುವುದು 6. ಮೆಕ್‌ಗ್ರಾಗೆ 3, ಗಿಲೆಸ್ಪಿಗೆ 2, ವಾರ್ನ್‌ಗೆ 1. ದ್ರಾವಿಡ್ ರನೌಟ್, ಅದು ಯಾರಿಗೂ ಇಲ್ಲ. ದಾಸ್ ಹಿಟ್ ವಿಕೆಟ್ ಆದರೂ ಅದು ಗಿಲೆಸ್ಪಿಗೇ ಹೋಗಿದೆ.

ಹಾಸ್ಟೆಲ್ ಮ್ಯಾಚ್ ಪುಸ್ತಕ ತಾಳೆಯಾಗ್ತಿಲ್ಲ ಅಂದವರೇ, ನಿಮ್ಮದು ಬೇರೆ ಕಥೆ. ಮೊದಲು ಬ್ಯಾಟ್ಸ್‌ಮನ್‌ಗಳ ರನ್ ಮತ್ತು ಇತರೆ ಕೂಡಿಸಿ. ಅದು ಒಟ್ಟು ಮೊತ್ತಕ್ಕೆ ಸರಿಹೊಂದಿ, ಬೌಲಿಂಗ್ ಕಡೆ ಮಾತ್ರ ಜಾಸ್ತಿ ಬಂದರೆ ಯಾರೋ ಲೆಗ್‌ಬೈಯನ್ನು ಬೌಲರ್‌ಗೂ ಬರೆದಿರಬಹುದು. ಎಷ್ಟು ವ್ಯತ್ಯಾಸ ಬರ್ತಿದೆ ಅಂತ ಹಾಕಿ, ಓವರ್‌ವಾರು ಪುಟದ ಫೋಟೊನೂ ಇರಲಿ.